ಕೆಂಚಕ್ಕ ಕೇಳದ ಕ್ಷಮೆ

ಶ್ರೀರಾಂಪುರದಲ್ಲಿ ಯಾರಿಗೆ ಅರ್ಜಿ ಬೇಕಾದರೂ ಪ್ರದೀಪ್ ಮೇಷ್ಟ್ರೇ ಬರೆಯಬೇಕು. ‘ಸವಿನಯ ಪ್ರಾರ್ಥನೆ’ ಬರೆಯುವುದರಲ್ಲಿ ತನ್ನನ್ನು ಮೀರಿಸುವವರು ಇಲ್ಲವೆಂಬ ಜಂಬ ಅವನಿಗೆ.

ಸೋದರತ್ತೆ ಕೆಂಚಕ್ಕ ಅವತ್ತು ಬುಸುಗುಡುತ್ತಲೇ ಬಂದಳು. ಬ್ಯಾಂಕಿನವರು ಅವಳ ಖಾತೆಗೆ ಯಾರದೋ ಮೊಬೈಲ್ ನಂಬರು ಸೇರಿಸಿದ್ದರು. ಕೇಳಲು ಹೋದರೆ ಕೌಂಟರಿನ ಹುಡುಗ, ‘ಓದಕ್ಕೆ ಬರಲ್ಲ, ತಪ್ಪು ನಂಬರ್ ಕೊಡ್ತೀರಾ’ ಎಂದು ಎಲ್ಲರೆದುರು ಗದರಿದ್ದ. ಅವಳ ಹತ್ತಿರವಿದ್ದ, ಬ್ಯಾಂಕಿನ ಸೀಲು ಬಿದ್ದ ಫಾರಮ್ಮಿನ ಜೆರಾಕ್ಸಿನಲ್ಲಿ ನಂಬರು ಸರಿಯಾಗಿಯೇ ಇತ್ತು.

“ಬರಿಯಲೇ. ಮ್ಯಾನೇಜ್ರೇ, ನಾನ್ ಸರಿಯಾಗೇ ಬರ್ಸಿದೀನಿ. ನಿನ್ ಹುಡ್ಗ ತಪ್ಪು ಹೊಡ್ದು ನನ್ನೇ ಬೈದ. ತಪ್ಪು ನಿಮ್ದೇ ಐತೆ ಅಂತ ಒಪ್ಕಂಡು ಸರಿ ಮಾಡು.”

“ಹಂಗೆಲ್ಲ ಬರಿಯಂಗಿಲ್ಲ ಅತ್ತೆ, ದೊಡ್ಡೋರು ಅವ್ರು. ಗೌರವದಾಗೆ ಬರೀತೀನಿ.”

“ಗೌರವ ಇರ್ಲಿ. ಮಾತು ಮಾತ್ರ ನಂದೇ ಇರ್ಲಿ.”

ಅವನು ‘ನಿನ್ನ’ ತೆಗೆದು ‘ತಮ್ಮ’ ಮಾಡಿದ. ಅಷ್ಟಕ್ಕೆ ನಿಂತಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಅವನ ಕೈ ರೂಢಿಯ ಮಾತುಗಳನ್ನು ಸೇರಿಸದೆ ಬಿಡಲಿಲ್ಲ. ಓದಿ ಹೇಳುವ ಗೋಜಿಗೂ ಹೋಗಲಿಲ್ಲ. ಅವಳು ನಂಬಿ ಹೆಬ್ಬೆಟ್ಟು ಒತ್ತಿದಳು.

ಮರುದಿನ ಇಬ್ಬರೂ ಬ್ಯಾಂಕಿಗೆ ಹೋದಾಗ ಮ್ಯಾನೇಜರ್ ಅರ್ಜಿಯನ್ನು ಗಟ್ಟಿಯಾಗಿ ಓದಿದರು. “‘ಅವಿದ್ಯಾವಂತಳಾದ ನನ್ನಿಂದ ಆಗಿರುವ ಪ್ರಮಾದವನ್ನು ತಾವು ದೊಡ್ಡ ಮನಸ್ಸು ಮಾಡಿ ಮನ್ನಿಸಿ, ನಂಬರನ್ನು ಸರಿಪಡಿಸಬೇಕಾಗಿ ಪ್ರಾರ್ಥನೆ.’ ಆಯ್ತು ಬಿಡಿ ಅಮ್ಮ, ತಪ್ಪು ನಿಮ್ಮದೇ ಅಂತ ಒಪ್ಪಿಕೊಂಡಿದ್ದೀರಲ್ಲ, ಸರಿ ಮಾಡಿಸ್ತೀವಿ.”

ಕೌಂಟರಿನ ಹುಡುಗ ನಕ್ಕ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅನ್ನುವುದು ಸುಳ್ಳಲ್ಲ. ಇಲ್ಲಿ ಬಗ್ಗಿದ್ದು ಮೇಷ್ಟ್ರು, ಗುದ್ದು ತಿಂದಿದ್ದು ಅತ್ತೆ.

ಕೆಂಚಕ್ಕ ಹುಡುಗನ ಕಡೆ ನೋಡಲೇ ಇಲ್ಲ. ಪ್ರದೀಪನನ್ನು ನೋಡಿದಳು. “ಗೌರವ ಅವ್ರಿಗೆ ಕೊಡು ಅಂದೆ ಕಣಪ್ಪ. ನನ್ ಮರ್ವಾದಿ ಕೊಡು ಅಂದಿದ್ನಾ?”

‘ಅವಿದ್ಯಾವಂತಳು’ ಎಂದು ಅವಳು ಹೇಳಿರಲಿಲ್ಲ. ಆ ಹುಡುಗ ಬಾಯಲ್ಲಿ ಗದರಿದ್ದನ್ನೇ ತಾನು ಅಂದವಾಗಿ ಬರೆದುಕೊಟ್ಟಿದ್ದು ಎನ್ನುವುದು ಅವನಿಗೆ ಈಗ ಹೊಳೆಯಿತು.

“ಸಾರ್, ಅದು ಅವರ ಮಾತಲ್ಲ, ನಾನು ಸೇರಿಸಿದ್ದು. ಅರ್ಜಿ ವಾಪಸ್ ಕೊಡಿ,” ಎಂದ. ಜೆರಾಕ್ಸನ್ನು ಮುಂದಿಟ್ಟ. ಮ್ಯಾನೇಜರ್ ಅದನ್ನೂ ಕಂಪ್ಯೂಟರನ್ನೂ ಹೋಲಿಸಿ ನೋಡಿ ಅರ್ಜಿಯನ್ನು ವಾಪಸ್ ಕೊಟ್ಟರು. ಹುಡುಗನ ನಗು ನಿಂತಿತು.

ಪ್ರದೀಪ್ ಬೆಂಚಿನ ಮೇಲೆ ಕೂತು ಬೇರೆ ಬರೆದ: ‘ಮಾನ್ಯರೇ, ಫಾರಮ್ಮಿನಲ್ಲಿ ನಾನು ಸರಿಯಾದ ಮೊಬೈಲ್ ಸಂಖ್ಯೆಯನ್ನೇ ನೀಡಿರುತ್ತೇನೆ. ತಮ್ಮ ಶಾಖೆಯಲ್ಲಿ ದಾಖಲಿಸುವಾಗ ತಪ್ಪಾಗಿದೆ. ಆದರೂ ತಮ್ಮ ಸಿಬ್ಬಂದಿ ಎಲ್ಲರೆದುರು ನನ್ನನ್ನು ನಿಂದಿಸಿದ್ದಾರೆ. ದಯಮಾಡಿ ಸರಿಪಡಿಸಿ, ತಪ್ಪು ನನ್ನದಲ್ಲವೆಂದು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ.’

ಇಂಕಿನ ಪ್ಯಾಡನ್ನು ಅವಳತ್ತ ಸರಿಸಿದ. ಕೆಂಚಕ್ಕ ಕೈ ಮುಂದೆ ಚಾಚಲಿಲ್ಲ.

“ಓದು,” ಎಂದಳು.

ಓದಿದ.

ಅವಳು ಕಾಗದವನ್ನು ಅವನ ಕೈಯಿಂದ ತೆಗೆದುಕೊಂಡು, ಪಾಸ್‌ಬುಕ್ ಹಿಡಿದು ಸಾಲಿನಲ್ಲಿ ನಿಂತಿದ್ದ ಗುರುತಿಲ್ಲದ ಹೆಂಗಸೊಬ್ಬಳಿಗೆ ಕೊಟ್ಟಳು.

“ನೀನೊಂಚೂರು ಓದಮ್ಮ. ಇವ್ನು ಓದಿದ್ದೇ ಇದ್ರಾಗೆ ಐತಾ ನೋಡು.”