ತೆರೆಯ ಮೇಲಿನ ಕೂಸು

ಅನಿಮೇಷನ್ ಮಾಡುವ ಆಕೆ ಮತ್ತೆ ಕೆಲಸಕ್ಕೆ ಬಂದಾಗ ಸ್ಟುಡಿಯೋದಲ್ಲಿ ಯಾರೂ ಏನೂ ಕೇಳಲಿಲ್ಲ. ದಿನ ತುಂಬುವ ಮೊದಲೇ ಹುಟ್ಟಿದ ಅವಳ ಮಗು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲೇ ತೀರಿಕೊಂಡಿದ್ದು ಎಲ್ಲರಿಗೂ ಗೊತ್ತಿತ್ತು. ಅವಳ ಕುರ್ಚಿಯ ಧೂಳನ್ನು ಯಾರೋ ಒರೆಸಿಟ್ಟಿದ್ದರು.

ಕಾದಿದ್ದ ಕೆಲಸ, ಹಳ್ಳಿ ಕ್ಲಿನಿಕ್ಕುಗಳ ಟಿವಿಗೆ ಕೈ ತೊಳೆಯುವುದರ ಬಗ್ಗೆ ಒಂದು ಪುಟ್ಟ ಚಿತ್ರ. ಮಾತಿಲ್ಲ, ಅಕ್ಷರವಿಲ್ಲ. ಓದು ಬಾರದವರಿಗೂ ನೋಡಿದರೇ ತಿಳಿಯಬೇಕು.

"ಚಿತ್ರದಲ್ಲಿ ಮಗು ಬರುತ್ತಮ್ಮ. ಕಷ್ಟ ಅಂದ್ರೆ ಬೇರೆಯವರಿಗೆ ಕೊಡ್ತೀನಿ," ಎಂದರು ಮೇಲಿನವರು, ಅವಳ ಮುಖ ನೋಡದೆ.

"ಇಲ್ಲ ಸರ್, ಮಾಡ್ತೀನಿ."

ಅವಳಿಗೆ ಯಾವ ಕೆಲಸವಾದರೂ ಒಂದೇ ಆಗಿತ್ತು. ಚಿತ್ರದಲ್ಲಿ ತಾಯಿ ಮಗುವಿನ ಅಂಡು ತೊಳೆಯುತ್ತಾಳೆ. ಕೈಗೆ ಕಂದು ಚುಕ್ಕೆಗಳು ಅಂಟುತ್ತವೆ. ಅದೇ ಕೈಯಲ್ಲಿ ಉಣಿಸಿದರೆ ಚುಕ್ಕೆಗಳು ತುತ್ತಿಗೆ, ಬಾಯಿಗೆ, ಹೊಟ್ಟೆಗೆ ಇಳಿಯುತ್ತವೆ. ಹಾಗೆ ಮಾಡಬಾರದೆಂದು ಅದರ ಮೇಲೆ ಕೆಂಪು ಗುಣಿಸು ಗುರುತು. ಆಮೇಲೆ ತಾಯಿ ಸೋಪು ಹಾಕಿ ತೊಳೆಯುತ್ತಾಳೆ. ಎಷ್ಟು ಹೊತ್ತು ಉಜ್ಜಬೇಕೆಂದು ತೋರಿಸಲು ಪಕ್ಕದಲ್ಲಿ ಒಂದು ಗಡಿಯಾರ. ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದು ಮುಗಿಸಿದಳು.

ಜನಕ್ಕೆ ಅರ್ಥವಾಗುತ್ತದೆಯೇ ಎಂದು ನೋಡಲು ಅದನ್ನು ಒಂದು ಕ್ಲಿನಿಕ್ಕಿಗೆ ತೆಗೆದುಕೊಂಡು ಹೋದಳು. ಅಲ್ಲಿನ ನರ್ಸು ಅವಳ ಗಂಡನ ಅಕ್ಕ. ಒಬ್ಬೊಬ್ಬರನ್ನೇ ಒಳಗಿನ ಕೋಣೆಗೆ ಕರೆದು ಚಿತ್ರ ತೋರಿಸಿ, ಏನನ್ನೂ ವಿವರಿಸದೆ, "ಏನು ಕಾಣಿಸ್ತು?" ಎಂದಷ್ಟೇ ಕೇಳುವುದು ಕ್ರಮ.

ಕೆಮ್ಮಿಗೆ ಔಷಧಿ ತೆಗೆದುಕೊಳ್ಳಲು ಬಂದಿದ್ದ ಅಜ್ಜ ಕೆಂಪು ಗುರುತನ್ನು ತೋರಿಸಿ, "ಇದು ಆಸ್ಪತ್ರೆ ಗುರುತು," ಎಂದ. "ಗಡಿಯಾರ ಯಾಕಪ್ಪಾ ಅಂದ್ರೆ, ಡಾಕ್ಟ್ರು ಇನ್ನೂ ಬಂದಿಲ್ಲ ಅಂತ." ನರ್ಸು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು.

ಆಮೇಲೆ ಕಂಕುಳಲ್ಲಿ ಕೂಸನ್ನು ಎತ್ತಿಕೊಂಡಿದ್ದ ಹೆಂಗಸು ಬಂದಳು. ನೋಡುತ್ತಾ ನೋಡುತ್ತಾ ಅವಳ ಮುಖ ಇಳಿಯಿತು.

"ಅಯ್ಯೋ ಪಾಪ, ಆ ಮಗು ಹೋಗ್ಬಿಟ್ಟಿದೆ ಅಲ್ವಾ? ಅದಕ್ಕೇ ಅವರಮ್ಮ ಅಷ್ಟೊಂದು ಕೈ ತೊಳ್ಕೊಳ್ತಾಳೆ."

"ಯಾಕೆ ಹಾಗನ್ನಿಸ್ತು?" ಎಂದಳು ಚಿತ್ರ ಬರೆದಾಕೆ.

"ಒಂದ್ಸಲಾನೂ ಅಲುಗಾಡ್ಲಿಲ್ವಲ್ಲ. ಜೀವ ಇರೋ ಕೂಸು ಹಾಗೆ ಬಿದ್ಕೊಂಡಿರುತ್ತಾ? ಇವನನ್ನ ನೋಡಿ, ಒಂದು ಕ್ಷಣ ಸುಮ್ನಿರಲ್ಲ."

ಆಕೆ ಚಿತ್ರವನ್ನು ಮತ್ತೊಮ್ಮೆ ಹಾಕಿ ನೋಡಿದಳು. ನಿಜ. ತಾಯಿಯ ಒಂದೊಂದು ಬೆರಳೂ ಆಡುತ್ತಿತ್ತು. ಮಗು ಮಾತ್ರ ಬಟ್ಟೆಯ ಗಂಟಿನ ಹಾಗೆ ಬಿದ್ದಿತ್ತು. ತಾನು ಕಂಡಿದ್ದ ಮಗುವನ್ನೇ ಬರೆದಿದ್ದಳು. ಅದು ಅವಳ ಗಮನಕ್ಕೇ ಬಂದಿರಲಿಲ್ಲ.

ನರ್ಸು ಅವಳ ತೋಳು ಹಿಡಿದು ಪಕ್ಕಕ್ಕೆ ಕರೆದಳು. "ಬಿಟ್ಬಿಡೇ ಇದನ್ನ. ಬೇರೆ ಯಾರಾದ್ರೂ ಮಾಡ್ಲಿ."

"ತಪ್ಪು ಅರ್ಥ ಬರ್ತಿದೆ ಅತ್ತಿಗೆ. ಸರಿ ಮಾಡ್ಬೇಕು."

"ಒಂದ್ಸಲನಾದ್ರೂ ಅತ್ತಿದ್ದೀಯಾ ನೀನು?"

"ಬರ್ತಾ ಇಲ್ಲ." ಊಟ ಬೇಡ ಎನ್ನುವ ದನಿಯಲ್ಲಿ ಹೇಳಿ ಆಕೆ ಹೆಂಗಸಿನ ಕಡೆ ತಿರುಗಿದಳು. "ಇವನ ಕಾಲು ಆಡೋದನ್ನ ಸ್ವಲ್ಪ ಫೋನಲ್ಲಿ ವಿಡಿಯೋ ಮಾಡ್ಕೊಳ್ಳಲಾ? ಮಗು ಹೇಗೆ ಒದೆಯುತ್ತೆ ಅಂತ ನನಗೆ ಸರಿಯಾಗಿ ಗೊತ್ತಿಲ್ಲ."

"ಅದಕ್ಕೇನಂತೆ," ಎಂದು ಹೆಂಗಸು ಕೂಸನ್ನು ಮಂಚದ ಮೇಲೆ ಮಲಗಿಸಿದಳು.

ಆಕೆ ಮೊದಲು ಅವನ ಕಾಲಾಟವನ್ನೆಲ್ಲ ಫೋನಿನಲ್ಲಿ ಹಿಡಿದಳು. ಆಮೇಲೆ ಅವನನ್ನು ಮುಟ್ಟಿ ನೋಡಬೇಕೆನಿಸಿತು. ಫೋನು ಇಟ್ಟು ನಲ್ಲಿಗೆ ಹೋದಳು. ಅಂಗೈ, ಮುಂಗೈ, ಬೆರಳ ಸಂದು, ಹೆಬ್ಬೆರಳು, ಉಗುರ ತುದಿ. ಕೈ ತನ್ನಷ್ಟಕ್ಕೆ ಉಜ್ಜಿಕೊಂಡಿತು. ಗಾಜಿನ ಪೆಟ್ಟಿಗೆಯ ದುಂಡು ಕಿಂಡಿಯೊಳಗೆ ಕೈ ಹಾಕುವ ಮೊದಲು ಪ್ರತಿ ಸಲವೂ ಹೀಗೇ ತೊಳೆದಿದ್ದಳು. ಒಂದು ಸಲವೂ ತಪ್ಪಿಸಿರಲಿಲ್ಲ. ಒಳಗೆ ನಳಿಕೆಗಳ ನಡುವೆ ಒಂದು ಪಾದ, ಮುಟ್ಟಿದರೂ ಸುಮ್ಮನಿರುತ್ತಿತ್ತು.

ಒದ್ದೆ ಕೈ ಆರಿದ ಮೇಲೆ ಬಂದು ಕೂಸಿನ ಪಾದಕ್ಕೆ ಬೆರಳು ಚಾಚಿದಳು. ಅವನು ಪಟಕ್ಕನೆ ಒದ್ದ. ಮತ್ತೆ ಒದ್ದ. "ಜೋರಾಗಿದ್ದಾನೆ," ಎಂದಳು.

ಮುಂದಿನ ವಾರವೆಲ್ಲ ಆ ಕಾಲನ್ನೇ ಬರೆದಳು. ಗಡಿಯಾರ ತೆಗೆದು, ಚುಕ್ಕೆಗಳು ನೊರೆಯಲ್ಲಿ ಒಂದೊಂದಾಗಿ ಕಳಚಿ ಕೊನೆಯದೂ ಹೋಗುವವರೆಗೆ ತಾಯಿ ಉಜ್ಜುತ್ತಲೇ ಇರುವಂತೆ ಮಾಡಿದಳು. ಕೆಂಪು ಗುರುತಿನ ಬದಲು ಹೊಟ್ಟೆ ಹಿಡಿದು ಅಳುವ ಮಗು. ಸೋಪು ಹಾಕಿದ ಮೇಲೆ ಕೈಕಾಲು ಬಡಿದು ನಗುವ ಮಗು.

ಈ ಸಲ ಕ್ಲಿನಿಕ್ಕಿನಲ್ಲಿ ಒಬ್ಬ ಅಜ್ಜಿ ಚಿತ್ರ ಮುಗಿಯುವ ಮೊದಲೇ ಶುರು ಮಾಡಿದಳು: "ಸೋಪು ಹಾಕ್ದೆ ಉಣಿಸಿದ್ಲು, ಮಗೂಗೆ ಭೇದಿ ಹತ್ಕೊಳ್ತು. ಆಮೇಲೆ ಬುದ್ಧಿ ಬಂತು ಮಹಾತಾಯಿಗೆ!" ಉಳಿದವರೂ ಹೆಚ್ಚುಕಡಿಮೆ ಹಾಗೇ ಹೇಳಿದರು. ನರ್ಸು ಆಕೆಯ ಬೆನ್ನು ತಟ್ಟಿದಳು. ಆಕೆ ತಲೆಯಾಡಿಸಿದಳು. ಒಳಗೆ ಏನೂ ಕದಲಲಿಲ್ಲ.

ಸಂಜೆ ಮನೆಯಲ್ಲಿ ಗಂಡ ಚಿತ್ರ ತೋರಿಸು ಎಂದ. ಕೊನೆಯವರೆಗೂ ನೋಡಿದ. "ಕಾಲು ಚೆನ್ನಾಗಿ ಬಂದಿದೆ," ಎಂದ. "ಇನ್ನೊಂದ್ಸಲ ಹಾಕು."

ಅವಳು ಹಾಕಿದಳು. ಅವನು ಅಳುತ್ತಿದ್ದ. ಅವಳಿಗೆ ಅಳು ಬರಲಿಲ್ಲ, ಆದರೆ ಎದ್ದು ಹೋಗಬೇಕು ಅನಿಸಲೂ ಇಲ್ಲ. ಅವನ ಪಕ್ಕಕ್ಕೆ ಸರಿದು ಕೂತಳು.