ಹುಡುಕಾಟದಲ್ಲಿ ಹಿಂದೆ ಬಿದ್ದ ದಿಂಬು

ಅರಳೆ ಹಾರುತ್ತದೆಂದು ಮುಂದಿನ ಕೋಣೆಯಲ್ಲಿ ಫ್ಯಾನ್ ಹಾಕುವಂತಿರಲಿಲ್ಲ. ಅತ್ತಿಗೆ ಬೆವರೊರೆಸಿಕೊಳ್ಳುತ್ತ ದಿಂಬು ತುಂಬುತ್ತಿದ್ದಳು. ನಾದಿನಿ ಮೂಲೆಯಲ್ಲಿ ಲ್ಯಾಪ್‌ಟಾಪ್ ಮುಂದಿದ್ದಳು. ಆನ್‌ಲೈನ್ ಅಂಗಡಿಯಲ್ಲಿ ‘ಮೆತ್ತನೆಯ ದಿಂಬು’ ಎಂದು ಹುಡುಕಿದರೆ ನಿನ್ನೆಯವರೆಗೂ ಮೊದಲ ಪುಟದಲ್ಲೇ ಇರುತ್ತಿದ್ದ ಅವರ ದಿಂಬು, ಇವತ್ತು ಪುಟದ ಮೇಲೆ ಪುಟ ದಾಟಿದರೂ ಮುಖ ತೋರಿಸಲು ಸತಾಯಿಸುತ್ತಿತ್ತು. ಬೆಳಗಿನಿಂದ ಒಂದು ಆರ್ಡರೂ ಇಲ್ಲ.

“ಬೆಲೆ ಇಳಿಸಿಬಿಡು. ಬೂರುಗದ ಅರಳೆ ಸಾಕು, ನಾಳೆಯಿಂದ ಅಗ್ಗದ ಸ್ಪಂಜು ತುಂಬೋಣ. ಸ್ಪಂಜಿನವನಿಗೆ ಸಂಜೆ ಹೇಳ್ತೀನಿ ಅಂದಿದೀನಿ,” ಎಂದಳು ಅತ್ತಿಗೆ.

“ಯಾವ ಜ್ವರ ಅಂತ ಗೊತ್ತಿಲ್ದೆ ಮಾತ್ರೆ ನುಂಗಿಸ್ತೀರಲ್ಲ. ಸ್ವಲ್ಪ ತಾಳಿ ಅತ್ತಿಗೆ.”

ನಾದಿನಿಗೆ ಚಿಂತೆಗಿಂತ ಕುತೂಹಲವೇ ಹೆಚ್ಚಾಗಿತ್ತು. ಸರಕು ಮುಗಿದರೆ ಹೀಗಾಗುವುದುಂಟು. ಅಂಗಡಿಯ ಲೆಕ್ಕದಲ್ಲಿ ಸರಕಿತ್ತು, ಕಪಾಟಿನಲ್ಲೂ ಇತ್ತು. ದೂರದ ವಿಳಾಸ ಹಾಕಿದರೂ ‘ಲಭ್ಯ’ ಎಂದೇ ಬಂತು. ಬೆಲೆ? ತಮ್ಮದು ಬದಲಾಗಿರಲಿಲ್ಲ. ಎದುರಾಳಿಗಳದ್ದು ಸಾಗಣೆ ಖರ್ಚು ಕೂಡಿಸಿ ನೋಡಿದರೂ ಮೊದಲಿನಷ್ಟೇ. ಎರಡೂ ಅಲ್ಲ.

ಆಮೇಲೆ ಕೊಳ್ಳುವವಳಂತೆ ಕೂತು ಹುಡುಕಾಟ ಸೋಸುವ ಫಿಲ್ಟರ್‌ಗಳನ್ನು ಒಂದೊಂದಾಗಿ ಒತ್ತಿದಳು. ಅಳತೆ ಒತ್ತಿದರೆ ದಿಂಬು ಇತ್ತು. ಬಣ್ಣ ಒತ್ತಿದರೂ ಇತ್ತು. ‘ಒಳಗೆ ತುಂಬಿರುವುದು’ ಎಂಬಲ್ಲಿ ಯಾವುದನ್ನು ಆರಿಸಿದರೂ ಮಾಯ.

“ಅತ್ತಿಗೆ, ಇದಕ್ಕೆ ಒಳಗೇನೂ ಇಲ್ಲವಂತೆ.”

“ಬೆಳಗಿಂದ ನಾನು ಗಾಳಿ ತುಂಬ್ತಿದೀನಾ?”

ಮಾರುವವರ ಪುಟ ತೆರೆದರೆ ಆ ಸಾಲಿನ ಮುಂದೆ ಕೆಂಪು ಗುರುತು: ಪಟ್ಟಿಯಲ್ಲಿಲ್ಲದ ಮಾತು, ಮರೆಮಾಡಲಾಗಿದೆ. ಮೊದಲು ‘ಹತ್ತಿ’ ಎಂದಿದ್ದ ಕಡೆ ಈಗ ‘ಬೂರುಗ ಮುಕ್ಕಾಲು, ಹತ್ತಿ ಕಾಲು, ಒಮ್ಮೊಮ್ಮೆ ಆಚೀಚೆ’ ಎಂದಿತ್ತು.

ನಾದಿನಿ ನಕ್ಕುಬಿಟ್ಟಳು. “ಯಾರು ಬರೆದಿದ್ದು?”

ಅತ್ತಿಗೆಯ ಕೈ ನಿಂತಿತು. “ನಾನೇ. ನಿನ್ನೆ ಎಕ್ಸೆಲ್ ಹಾಳೇಲಿ ತಿದ್ದಿ ಏರಿಸ್ದೆ. ಬರೀ ಹತ್ತಿ ಅಂದ್ರೆ ಸುಳ್ಳಲ್ವಾ? ತಲೆ ಇಟ್ಟು ಮಲಗೋರಿಗೆ ಮೋಸ ಮಾಡ್ಲಾ?”

“ಹಾಳೆ ಸುಮ್ನೆ ತಗೊಂಡಿದೆ, ಅಂಗಡಿ ಮಾತ್ರ ಒಪ್ಪಿಲ್ಲ. ಇದು ಕಡ್ಡಾಯದ ಸಾಲು. ಖಾಲಿ ಅಂತ ಹಿಂದಕ್ಕೆ ತಳ್ಳಿರಬೇಕು.”

“ಮತ್ತೆ ಹತ್ತಿ ಅಂತ ಹಾಕೋದಾದ್ರೆ ಬೇಡ. ಸ್ಪಂಜೇ ವಾಸಿ. ಅದನ್ನ ಸ್ಪಂಜು ಅಂತಾನೇ ಮಾರಬಹುದು.”

ನಾದಿನಿಯ ನಗು ನಿಂತಿತು. ಅತ್ತಿಗೆ ಇಂಥ ಮಾತನ್ನು ತಮಾಷೆಗೆ ಆಡುವವಳಲ್ಲ. ಅಂಗಡಿ ಒಪ್ಪುವ ಮಾತುಗಳ ಪಟ್ಟಿಯನ್ನು ನಾದಿನಿ ಕೊನೆತನಕ ಇಳಿಸುತ್ತ ಹೋದಳು: ಹತ್ತಿ, ಉಣ್ಣೆ, ಸ್ಪಂಜು, ಗರಿ... ತೀರಾ ಕೆಳಗೆ ‘ಮಿಶ್ರ ನಾರು’.

“ಇದು ಸುಳ್ಳಾ?”

ಅತ್ತಿಗೆ ಹತ್ತಿರ ಬಂದು ಓದಿದಳು. “ಅಲ್ಲ. ಆದ್ರೆ ಪೂರ್ತಿ ನಿಜಾನೂ ಅಲ್ಲ.”

“ಪೂರ್ತಿ ನಿಜಾನ ಕೆಳಗಡೆ ವಿವರಣೇಲಿ ಬರೀತೀನಿ, ಮುಕ್ಕಾಲು, ಕಾಲು ಎಲ್ಲ.”

“ಆಚೀಚೆ ಅನ್ನೋದನ್ನೂ.”

“ಅದನ್ನೂ.”

ಮಧ್ಯಾಹ್ನ ಕಳೆದ ಮೇಲೆ ‘ಮಿಶ್ರ ನಾರು’ ಒತ್ತಿದಾಗ ದಿಂಬು ಕಂಡಿತು. ಫಿಲ್ಟರ್ ಇಲ್ಲದೆ ಹುಡುಕಿದರೂ ಕೆಲವು ಪುಟ ಮುಂದೆ ಬಂದಿತ್ತು. ಮೊದಲ ಪುಟ ಇನ್ನೂ ದೂರವಿತ್ತು.

“ಬೆಲೆ ಮುಟ್ಟೋದು ಬೇಡ. ಏರೋಕೆ ಸ್ವಲ್ಪ ದಿನ ಹಿಡಿಯುತ್ತೆ,” ಎಂದಳು ನಾದಿನಿ.

ಅತ್ತಿಗೆ ಕೈಗಂಟಿದ ಅರಳೆ ಕೊಡವಿಕೊಂಡು ಫೋನು ಎತ್ತಿ, ಸ್ಪಂಜಿನವನಿಗೆ ಬೇಡವೆಂದು ಹೇಳಿದಳು.