ಎಡಕ್ಕಿಳಿದ ಬಂಡಿಗಳು

ಸುಗ್ಗಿ ಬಂತೆಂದರೆ ರಾಯಚೂರಿನ ಹತ್ತಿ ಗಿರಣಿಗಳ ಮುಂದೆ ಬಂಡಿಗಳ ಪಾಳಿ ರಸ್ತೆಗೇ ಬಂದುಬಿಡುತ್ತಿತ್ತು. ಎಂಬತ್ತೆರಡನೇ ಇಸವಿಯ ಆ ದಿನವೂ ಹಾಗೇ. ಎಡಗಡೆಯ ಸಾಲು ನ್ಯಾಯದ ಪಾಳಿಯದು. ಬಲಗಡೆಯದು, ಗೇಟು ತೆರೆದೊಡನೆ ನುಗ್ಗಲು ಕಾದವರದು. ನಡುವೆ ಒಂದು ಜೀಪು ಹಿಡಿಸುವುದೂ ಕಷ್ಟ.

ಎಡಸಾಲಿನ ಮೊದಲ ಬಂಡಿ ಕಲ್ಮಲದ ಅಂಬಮ್ಮನದು. ಬಲಸಾಲಿನ ಮುಂದಿದ್ದ ಯರಗೇರಾದ ಪೀರಾ ಸಾಬ್, ನಿನ್ನ ಮಾತು ಎತ್ತು ಹೆಚ್ಚು ಕೇಳ್ತಾವೋ, ಗಂಡ ಹೆಚ್ಚು ಕೇಳ್ತಾನೋ ಎಂದು ಬೆಳಗಿನಿಂದ ಕೆಣಕುತ್ತಿದ್ದ. ಎತ್ತೇ ಎಂದು ಅಂಬಮ್ಮ ನಕ್ಕಿದ್ದಳು.

ಅಷ್ಟರಲ್ಲಿ ರಸ್ತೆಯ ಮುಂದಿನ ತುದಿಯ ಇನ್ನೊಂದು ಗಿರಣಿಯಿಂದ ಕಪ್ಪು ಹೊಗೆ ಎದ್ದಿತು. ಆ ಗಿರಣಿಯಲ್ಲೇ ಅವಳ ಗಂಡ ಗದ್ದೆಪ್ಪ ಹತ್ತಿಯನ್ನು ಒತ್ತಿ ಅಂಡಿಗೆಯೆಂಬ ಮೂಟೆ ಕಟ್ಟುವ ಕೆಲಸಕ್ಕಿದ್ದ. ಹಿಂದಿನಿಂದ, ಇನ್ನೂ ದೂರದಲ್ಲಿ, ಫೈರ್ ಇಂಜಿನ್ನಿನ ಸೈರನ್ ಕೇಳಿಸಿತು. ಬಲಸಾಲಿನ ಒಂದಿಬ್ಬರು ಗಾಬರಿಯಿಂದ ಎತ್ತುಗಳನ್ನು ರಸ್ತೆಗೆ ಅಡ್ಡ ತಿರುಗಿಸತೊಡಗಿದರು.

ಅಂಬಮ್ಮ ಒಮ್ಮೆ ಎರಡೂ ಕಡೆ ನೋಡಿದಳು. ಬಲಕ್ಕೆ ಆಳವಾದ ಚರಂಡಿ. ಎಡಕ್ಕೆ ಗಟ್ಟಿ ಗರಸು ಮಣ್ಣಿನ ಬಯಲು. ಅವಳಿಗೆ ಅಷ್ಟೇ ಸಾಕಾಯಿತು.

"ಪೀರಣ್ಣ, ನಿಮ್ಮ ಸಾಲಿನವರು ಇದ್ದಲ್ಲೇ ಇರ್ಲಿ, ಅಡ್ಡ ಬರೋದು ಬ್ಯಾಡ. ಎಡಕ್ಕ ಇಳಿಯೋರು ನಾವು."

ಹಿಂದಿನ ಬಂಡಿಯಲ್ಲಿದ್ದ ಕುರ್ಡಿ ಊರಿನ ವಿರೂಪಣ್ಣ ತಕರಾರು ತೆಗೆದ. ನಾವು ಇಳಿದರೆ ಇವರು ಗೇಟಿಗೆ ನುಗ್ಗುತ್ತಾರೆ, ಬೆಳಗಿನಿಂದ ಕಾದದ್ದು ನೀರಲ್ಲಿ ಹೋಮವಾಗುತ್ತದೆ ಎಂದ.

"ಹೋದ್ರ ಹೋಗ್ಲಿ ಪಾಳಿ. ಅಲ್ಲಿ ಮನಿಷ್ಯಾರು ಅದಾರ, ವಿರೂಪಣ್ಣ."

ಹಾಗೆಂದವಳೇ ಎಲ್ಲರಿಗಿಂತ ಮೊದಲು ಬಂಡಿ ಇಳಿಸಿದಳು. ಸದ್ದಿಗೆ ಬೆದರದಂತೆ ಎತ್ತುಗಳ ಮೋರೆಯನ್ನು ಬಯಲಿನತ್ತ ತಿರುಗಿಸಿ, ಮೂಗುದಾರ ಬಿಗಿಯಾಗಿ ಹಿಡಿದು ಕತ್ತು ಸವರುತ್ತ ನಿಂತಳು. ಎಲ್ಲರೂ ಹಾಗೇ ಮಾಡಿರೆಂದು ಕೂಗಿದಳು. ಮಾತು ಬಾಯಿಂದ ಬಾಯಿಗೆ ಹಿಂದಕ್ಕೆ ಹೋಯಿತು, ಬಂಡಿಗಳು ನಿಂತಲ್ಲಿಂದಲೇ ಒಂದೊಂದಾಗಿ ಇಳಿದವು. ವಿರೂಪಣ್ಣನೂ ಗೊಣಗುತ್ತಲೇ ಇಳಿದ. ಪೀರಾ ಸಾಬ್ ತನ್ನ ಸಾಲಿಗೆ ಗದರಿಸಿ, ಎಲ್ಲರನ್ನೂ ಎತ್ತುಗಳ ಮುಂದೆ ನಿಲ್ಲಿಸಿದ.

ಕೆಂಪು ಇಂಜಿನ್ ನಡುರಸ್ತೆಯಲ್ಲಿ ಎಲ್ಲೂ ತಡೆಯದೆ ಹೋಯಿತು.

ಅದು ದಾಟಿದ್ದೇ ತಡ, ವಿರೂಪಣ್ಣ ಬಂಡಿಯನ್ನು ರಸ್ತೆಗೆ ಏರಿಸಹೋದ. ಅಂಬಮ್ಮ ಅವನ ನೊಗಕ್ಕೆ ಕೈ ಹಾಕಿ ತಡೆದಳು.

"ಒಂದು ಗಾಡಿಗೇ ಮುಗೀತಂತ ಯಾರು ಹೇಳಿದ್ರು? ಹಿಂದ ನೋಡು."

ಅವನು ತಿರುಗುವಷ್ಟರಲ್ಲಿ ನೀರಿನ ಲಾರಿ, ಅದರ ಬೆನ್ನಿಗೇ ಪೊಲೀಸ್ ಜೀಪು ಧೂಳೆಬ್ಬಿಸಿ ಹಾದುಹೋದವು. ವಿರೂಪಣ್ಣ ಹಗ್ಗ ಸಡಿಲಿಸಿ ಬೆವರು ಒರೆಸಿಕೊಂಡ. ಹಿಂದೆ ರಸ್ತೆ ಪೂರ್ತಿ ಖಾಲಿಯಾಗಿದೆಯೆಂದು ಕಂಡ ಮೇಲೆಯೇ ಅಂಬಮ್ಮ ನೊಗ ಬಿಟ್ಟಳು.

ಹೊಗೆ ಬೆಳ್ಳಗಾಗುತ್ತ ಬಂದಿತು. ತಾವು ಕಾದಿದ್ದ ಗಿರಣಿಯ ಗೇಟು ತೆರೆದಾಗ ಬಲಸಾಲಿಗೆ ದಾರಿ ನೇರವಾಗಿತ್ತು. ಪೀರಾ ಸಾಬ್ ಮಾತ್ರ ತನ್ನ ಎತ್ತುಗಳನ್ನು ಹಿಡಿದೇ ನಿಂತಿದ್ದ.

"ನಡಿಯವ್ವಾ, ನಿನ್ನ ಪಾಳಿ."

ತೂಕ ಮುಗಿಯುವ ಹೊತ್ತಿಗೆ ಗದ್ದೆಪ್ಪ ಬಂದ. ಮೈಯೆಲ್ಲ ಮಸಿ, ಅಂಗಿಯೆಲ್ಲ ನೀರು. ಬೆಂಕಿ ಒಂದೇ ರಾಶಿಗೆ ನಿಂತಿತು, ಒಳಗಿದ್ದವರೆಲ್ಲ ಹೊರಬಂದರು ಎಂದ. ಅಂಬಮ್ಮ ತಂಬಿಗೆಯ ನೀರು ಅವನ ಕೈಗಿತ್ತಳು.